ಜೋಡಿ ಚುಕ್ಕಿ, ಒಂಟಿ ಚುಕ್ಕಿ: ಸ್ಟಾಪ್‌ವಾಚ್ ಸಮಯವನ್ನು ತಪ್ಪಿಲ್ಲದೆ ಕೂಡುವುದು, ಕಳೆಯುವುದು

ಓಟಕ್ಕೋ ಈಜಿಗೋ ಸೈಕಲ್ ಸ್ಪರ್ಧೆಗೋ ಸ್ಟಾಪ್‌ವಾಚ್ ಹಿಡಿದು ನಿಲ್ಲುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ಸುತ್ತುಗಳ ಸಮಯವನ್ನೆಲ್ಲ ಕ್ಯಾಲ್ಕುಲೇಟರಿನಲ್ಲಿ ಕೂಡಿದೆ. ವಾಚು ತೋರಿಸುವ ಒಟ್ಟು ಸಮಯಕ್ಕೂ ಇದಕ್ಕೂ ತಾಳೆ ಆಗ್ತಿಲ್ಲ. ಎಲ್ಲಿ ತಪ್ಪಿದೆ?"

ಹೆಚ್ಚಿನ ಸಲ ತಪ್ಪಿರುವುದು ಒಂದು ಚುಕ್ಕಿಯಲ್ಲಿ. ನಾಲ್ಕು ನಿಮಿಷ ಮೂವತ್ತೈದು ಸೆಕೆಂಡನ್ನು 4:35 ಎಂದು ಬರೆಯುವ ಬದಲು 4.35 ಎಂದು ಬರೆದರೆ ನಮ್ಮ ಕಣ್ಣಿಗೆ ಎರಡೂ ಒಂದೇ. ಕ್ಯಾಲ್ಕುಲೇಟರಿಗೆ ಮಾತ್ರ ಅದು ಬೇರೆಯೇ ಸಂಖ್ಯೆ. ಅದು ನೂರು ತುಂಬಿದ ಮೇಲೆ ಮುಂದಿನ ಮನೆಗೆ ಹೋಗುತ್ತದೆ. ಗಡಿಯಾರ ಅರವತ್ತು ತುಂಬಿದ ಕೂಡಲೇ ಹೋಗುತ್ತದೆ. ಈ ವ್ಯತ್ಯಾಸವನ್ನು ಕೈಯಲ್ಲಿ ಹಿಡಿದುಕೊಂಡರೆ ಉಳಿದದ್ದು ಸಲೀಸು.

ಬೇಕಾಗುವುದು ಇಷ್ಟೇ: ಒಂದು ಹಾಳೆ, ಪೆನ್ನು, ಸಾಧಾರಣ ಕ್ಯಾಲ್ಕುಲೇಟರ್. ಕೊನೆಯ ಕಡೆ ಎಕ್ಸೆಲ್ ಬಗ್ಗೆಯೂ ಹೇಳಿದ್ದೇನೆ. ಆದರೆ ಮೊದಲು ಕೈಯಲ್ಲೇ ಒಂದು ಸಲ ಮಾಡಿ ನೋಡಿ. ಹಾಳೆಯ ಮೇಲೆ ಅರ್ಥವಾದದ್ದು ಎಕ್ಸೆಲ್ಲಿನಲ್ಲೂ ಕಾಪಾಡುತ್ತದೆ.

1. ಮೊದಲು ಸಂಖ್ಯೆಯನ್ನು ಸರಿಯಾಗಿ ಓದಿ

ಸ್ಟಾಪ್‌ವಾಚಿನ ಪರದೆಯಲ್ಲಿ 1:11:53.51 ಎಂದು ಕಾಣುತ್ತಿದೆ ಅಂದುಕೊಳ್ಳಿ. ಎಡದಿಂದ ಓದಿದರೆ 1 ಗಂಟೆ, 11 ನಿಮಿಷ, 53 ಸೆಕೆಂಡು. ಕೊನೆಯ 51 ಅನ್ನುವುದು ಸೆಕೆಂಡಿನ ನೂರನೇ ಭಾಗಗಳು. ಒಂದು ಸೆಕೆಂಡನ್ನು ನೂರು ತುಂಡು ಮಾಡಿದರೆ ಅದರಲ್ಲಿ 51 ತುಂಡು.

ಇಲ್ಲಿ ಎರಡು ಬಗೆಯ ಗುರುತಿದೆ, ಗಮನಿಸಿ. ಗಂಟೆ, ನಿಮಿಷ, ಸೆಕೆಂಡಿನ ನಡುವೆ ಇರುವುದು ಜೋಡಿ ಚುಕ್ಕಿ. ಸೆಕೆಂಡು ಮತ್ತು ಅದರ ನೂರನೇ ಭಾಗದ ನಡುವೆ ಇರುವುದು ಒಂಟಿ ಚುಕ್ಕಿ. ಜೋಡಿ ಚುಕ್ಕಿ ಇರುವಲ್ಲಿ 60 ತುಂಬಿದರೆ ಎಡಗಡೆಗೆ 1 ಹೋಗುತ್ತದೆ. ಒಂಟಿ ಚುಕ್ಕಿ ಇರುವಲ್ಲಿ 100 ತುಂಬಿದರೆ ಎಡಗಡೆಗೆ 1 ಹೋಗುತ್ತದೆ. ಈ ಲೇಖನದ ಲೆಕ್ಕವೆಲ್ಲ ನಿಂತಿರುವುದು ಇದರ ಮೇಲೆ.

ಎಚ್ಚರಿಕೆ: ಒಂಟಿ ಚುಕ್ಕಿಯ ನಂತರ ಯಾವಾಗಲೂ ಎರಡು ಅಂಕಿ ಬರೆಯಿರಿ. ವಾಚು 19.08 ಎಂದು ತೋರಿಸಿದಾಗ ಅವಸರದಲ್ಲಿ 19.8 ಎಂದು ಬರೆದರೆ 8 ತುಂಡು ಇದ್ದದ್ದು 80 ತುಂಡಾಗಿಬಿಡುತ್ತದೆ. ಬೇರೆಯವರು 19.8 ಎಂದು ಬರೆದು ಕೊಟ್ಟರೆ ಅದು 19.08 ಇರಬಹುದಾ, 19.80 ಇರಬಹುದಾ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಜೋಡಿ ಚುಕ್ಕಿಯ ನಂತರವೂ ಹಾಗೇ. 12:5 ಅಲ್ಲ, 12:05.

2. ಕೂಡುವ ಮುಂಚೆ, ಕೈಯಲ್ಲಿರುವುದು ಲ್ಯಾಪೋ ಸ್ಪ್ಲಿಟ್ಟೋ ನೋಡಿ

ಲ್ಯಾಪ್ ಅಂದರೆ ಒಂದು ಸುತ್ತಿಗೆ ಮಾತ್ರ ಹಿಡಿದ ಸಮಯ. ಸ್ಪ್ಲಿಟ್ ಅಂದರೆ ಶುರುವಿನಿಂದ ಆ ಸುತ್ತು ಮುಗಿಯುವವರೆಗೆ ಆದ ಒಟ್ಟು ಸಮಯ. ಮಾತಿನಲ್ಲಿ ಎರಡನ್ನೂ ಅದಲುಬದಲಾಗಿ ಬಳಸುತ್ತಾರೆ. ವಾಚುಗಳ ಮೇಲೂ ಹೆಸರು ಒಂದೇ ತರ ಇರುವುದಿಲ್ಲ. ಹಾಗಾಗಿ ಹೆಸರು ನಂಬಬೇಡಿ, ಸಂಖ್ಯೆ ನೋಡಿ. ಸಂಖ್ಯೆಗಳು ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿದ್ದರೆ ಅದು ಲ್ಯಾಪ್. ಕೆಳಗೆ ಹೋದಂತೆ ಬೆಳೆಯುತ್ತಲೇ ಹೋದರೆ ಅದು ಸ್ಪ್ಲಿಟ್.

ಲ್ಯಾಪುಗಳನ್ನು ಕೂಡಬೇಕು. ಸ್ಪ್ಲಿಟ್ಟುಗಳನ್ನು ಕೂಡಬಾರದು. ಅಲ್ಲಿ ಕೊನೆಯ ಸ್ಪ್ಲಿಟ್ಟೇ ಒಟ್ಟು ಸಮಯ. ಒಂದೊಂದು ಸುತ್ತಿನ ಸಮಯ ಬೇಕಿದ್ದರೆ ಒಂದರಿಂದ ಇನ್ನೊಂದನ್ನು ಕಳೆಯಬೇಕು. ಅದಕ್ಕೆ ಆಮೇಲೆ ಬರೋಣ.

ಈ ಲೇಖನದ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬರು ಆರು ಸುತ್ತು ಓಡಿದ್ದಾರೆ. ಲ್ಯಾಪುಗಳು ಇವು:

```
1)  11:48.36
2)  11:52.71
3)  12:05.94
4)  12:19.08
5)  12:07.55
6)  11:39.87
```

3. ಒಂದರ ಕೆಳಗೆ ಒಂದು ಬರೆದು ಬಲಗಡೆಯಿಂದ ಕೂಡಿ

ನಿಮಿಷದ ಕೆಳಗೆ ನಿಮಿಷ, ಸೆಕೆಂಡಿನ ಕೆಳಗೆ ಸೆಕೆಂಡು, ನೂರನೇ ಭಾಗದ ಕೆಳಗೆ ನೂರನೇ ಭಾಗ ಬರಲಿ. ಹಾಳೆಯ ಮೇಲೆ ಮೂರು ಉದ್ದ ಗೆರೆ ಎಳೆದು ಕಾಲಂ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಪ್ರತಿ ಕಾಲಮ್ಮನ್ನೂ ಬೇರೆ ಬೇರೆ ಲೆಕ್ಕ ಎಂದೇ ತಿಳಿದು ಕೂಡಿ. ಕ್ಯಾಲ್ಕುಲೇಟರ್ ಬಳಸಬಹುದು, ಆದರೆ ಒಂದು ಸಲಕ್ಕೆ ಒಂದೇ ಕಾಲಂ. ಚುಕ್ಕಿ ಒತ್ತುವ ಅಗತ್ಯವೇ ಬರಬಾರದು.

ಮೊದಲು ನೂರನೇ ಭಾಗಗಳು: 36 + 71 + 94 + 08 + 55 + 87 = 351. ಇಲ್ಲಿ ಒಂಟಿ ಚುಕ್ಕಿ ಇದೆ, ಅಂದರೆ ನೂರರ ಲೆಕ್ಕ. 351ರಲ್ಲಿ ಮೂರು ನೂರು ಇವೆ. 51 ಇಲ್ಲೇ ಬರೆದು, 3 ಸೆಕೆಂಡನ್ನು ಪಕ್ಕದ ಕಾಲಮ್ಮಿನ ತಲೆಯ ಮೇಲೆ ಬರೆದುಕೊಳ್ಳಿ.

ಈಗ ಸೆಕೆಂಡುಗಳು: 48 + 52 + 05 + 19 + 07 + 39 = 170. ಕೈಯಲ್ಲಿದ್ದ 3 ಸೇರಿಸಿದರೆ 173. ಇಲ್ಲಿ ಜೋಡಿ ಚುಕ್ಕಿ, ಅಂದರೆ ಅರವತ್ತರ ಲೆಕ್ಕ. 173ರಲ್ಲಿ ಎರಡು ಅರವತ್ತು ಇವೆ, ಅಂದರೆ 120. ಉಳಿದದ್ದು 53. ಅದನ್ನು ಇಲ್ಲಿ ಬರೆದು, 2 ನಿಮಿಷ ಪಕ್ಕಕ್ಕೆ.

ಕೊನೆಗೆ ನಿಮಿಷಗಳು: 11 + 11 + 12 + 12 + 12 + 11 = 69. ಕೈಯಲ್ಲಿದ್ದ 2 ಸೇರಿದರೆ 71. ಇದರಲ್ಲಿ ಒಂದು ಅರವತ್ತು ಇದೆ. ಅದು 1 ಗಂಟೆ. ಉಳಿದದ್ದು 11.

ಒಟ್ಟು 1:11:53.51.

ಇಲ್ಲಿ ಜನ ಎಡವುವುದು ಹೆಚ್ಚಾಗಿ ಸೆಕೆಂಡಿನ ಕಾಲಮ್ಮಿನಲ್ಲಿ. 173 ಬಂದಾಗ ಶಾಲೆಯ ಅಭ್ಯಾಸದಂತೆ ಕೈ ತಾನಾಗಿಯೇ 73 ಬರೆದು 1 ಮುಂದಕ್ಕೆ ಹಾಕುತ್ತದೆ. ಹಾಗೆ ಆಗದಿರಲು ನಾನು ಒಂದು ಕೆಲಸ ಮಾಡುತ್ತೇನೆ. ಕೂಡಲು ಶುರು ಮಾಡುವ ಮೊದಲೇ ಪ್ರತಿ ಕಾಲಮ್ಮಿನ ಮೇಲೆ ಅದರ ಮಿತಿಯನ್ನು ಬರೆದಿಡುತ್ತೇನೆ: ನಿಮಿಷದ ಮೇಲೆ 60, ಸೆಕೆಂಡಿನ ಮೇಲೆ 60, ನೂರನೇ ಭಾಗದ ಮೇಲೆ 100. ಮೂರು ಸಂಖ್ಯೆ ಬರೆಯುವ ಶ್ರಮ ಅಷ್ಟೇ, ಆದರೆ ಕಣ್ಣು ಅದನ್ನು ದಾಟಿ ಹೋಗುವುದಿಲ್ಲ.

4. ಚುಕ್ಕಿ ಹಾಕಿ ಕೂಡಿದರೆ ಏನಾಗುತ್ತದೆ, ಅದನ್ನು ಹೇಗೆ ಪತ್ತೆ ಹಚ್ಚಬೇಕು

ಇದು ಅತಿ ಸಾಮಾನ್ಯ ತಪ್ಪು. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಲೆಕ್ಕ ಸುಲಭವಾಗಲೆಂದು ನೂರನೇ ಭಾಗಗಳನ್ನು ಸದ್ಯಕ್ಕೆ ಬದಿಗಿಡಿ. ಅದೇ ಆರು ಲ್ಯಾಪುಗಳನ್ನು ಒಬ್ಬರು ಕ್ಯಾಲ್ಕುಲೇಟರಿಗೆ ಹೀಗೆ ಹಾಕಿದರು:

```
11.48 + 11.52 + 12.05 + 12.19 + 12.07 + 11.39 = 70.70
```

ಉತ್ತರ 70.70. ಎಪ್ಪತ್ತು ನಿಮಿಷ ಎಪ್ಪತ್ತು ಸೆಕೆಂಡು ಅನ್ನುವುದು ಇರಲಾರದು ಎಂದು ಅವರಿಗೂ ಗೊತ್ತು. ಹಾಗಾಗಿ 70 ಸೆಕೆಂಡಿನಿಂದ ಒಂದು ನಿಮಿಷ ತೆಗೆದು 71:10 ಎಂದು ಸರಿಪಡಿಸುತ್ತಾರೆ. ನೋಡಲು ಚೆನ್ನಾಗಿದೆ, ಅನುಮಾನವೇ ಬರುವುದಿಲ್ಲ. ಆದರೆ ನಿಜವಾದ ಮೊತ್ತ 69 ನಿಮಿಷ 170 ಸೆಕೆಂಡು, ಅಂದರೆ 71:50. ನಲವತ್ತು ಸೆಕೆಂಡು ಮಾಯವಾಗಿದೆ.

ನಲವತ್ತೇ ಯಾಕೆ? ಸೆಕೆಂಡುಗಳ ಮೊತ್ತ 170 ಆಗಿತ್ತು. ಕ್ಯಾಲ್ಕುಲೇಟರ್ ಅದರಿಂದ 100 ತೆಗೆದುಕೊಂಡು ಅದಕ್ಕೆ ಬದಲಾಗಿ 1 ನಿಮಿಷ ಕೊಟ್ಟಿತು. ನಿಮಿಷಕ್ಕೆ ಇರುವುದು 60 ಸೆಕೆಂಡು ಮಾತ್ರ. 100 ಕೊಟ್ಟು 60 ಪಡೆದರೆ 40 ನಷ್ಟ. ಕ್ಯಾಲ್ಕುಲೇಟರ್ ಒಂದು ಸಲ ನೂರು ದಾಟಿದರೆ 40 ಸೆಕೆಂಡು ಹೋಗುತ್ತದೆ, ಎರಡು ಸಲ ದಾಟಿದರೆ 80, ಮೂರು ಸಲಕ್ಕೆ 120. ಕಳೆಯುವಾಗ ಇದೇ ತಪ್ಪು ಉಲ್ಟಾ ಆಗಿ 40 ಸೆಕೆಂಡು ಜಾಸ್ತಿ ಬರುತ್ತದೆ.

ಹಾಗಾಗಿ ನಿಮ್ಮ ಮೊತ್ತಕ್ಕೂ ವಾಚಿನ ಒಟ್ಟು ಸಮಯಕ್ಕೂ ಇರುವ ವ್ಯತ್ಯಾಸ 40 ಸೆಕೆಂಡೋ, 1 ನಿಮಿಷ 20 ಸೆಕೆಂಡೋ, 2 ನಿಮಿಷವೋ ಆಗಿದ್ದರೆ, ಬೇರೇನೂ ಹುಡುಕುವ ಮೊದಲು ಎಲ್ಲಾದರೂ ನಿಮಿಷ ಮತ್ತು ಸೆಕೆಂಡಿನ ನಡುವೆ ಒಂಟಿ ಚುಕ್ಕಿ ಹಾಕಿ ಕೂಡಿದಿರಾ ನೋಡಿ. ಗಂಟೆ ಮತ್ತು ನಿಮಿಷದ ನಡುವೆ ಹಾಕಿದ್ದರೆ ವ್ಯತ್ಯಾಸ 40 ನಿಮಿಷ ಆಗಿರುತ್ತದೆ.

ಇನ್ನು ಕೆಲವರು 70.70 ಅನ್ನು ಬೇರೆ ರೀತಿ ಓದುತ್ತಾರೆ. "ದಶಮಾಂಶ ಅಲ್ವಾ, 0.70ನ್ನು 60ರಿಂದ ಗುಣಿಸಬೇಕು" ಎಂದು 42 ಸೆಕೆಂಡು ಮಾಡಿ 70:42 ಎನ್ನುತ್ತಾರೆ. ಗುಣಿಸುವ ಕ್ರಮ ಸರಿ, ಆದರೆ ಅದನ್ನು ಬಳಸಿದ ಜಾಗ ಸರಿಯಲ್ಲ. 11:48 ಅನ್ನುವುದನ್ನು 11.48 ಎಂದು ಒಳಗೆ ಹಾಕಿದಾಗಲೇ ಅದು ದಶಮಾಂಶ ನಿಮಿಷ ಆಗಿರಲಿಲ್ಲ. ನಿಜವಾದ ದಶಮಾಂಶ ನಿಮಿಷದಲ್ಲಿ 11:48 ಅಂದರೆ 11.80. ಯಾಕೆಂದರೆ 48 ಭಾಗಿಸು 60 ಅಂದರೆ 0.80. ಈ ಬಗೆಯ ತಪ್ಪಿನಲ್ಲಿ ವ್ಯತ್ಯಾಸ 40ರ ಲೆಕ್ಕಕ್ಕೆ ಸಿಗುವುದಿಲ್ಲ. ಮೊದಲಿಂದ ಮತ್ತೆ ಕೂಡುವುದೊಂದೇ ದಾರಿ.

5. ಇನ್ನೊಂದು ದಾರಿಯಲ್ಲಿ ಹೋಗಿ ತಾಳೆ ನೋಡಿ: ಎಲ್ಲವನ್ನೂ ಸೆಕೆಂಡು ಮಾಡಿ

ಅದೇ ಕಾಲಮ್ಮುಗಳನ್ನು ಎರಡನೇ ಸಲ ಕೂಡಿದರೆ ಅದೇ ತಪ್ಪು ಮತ್ತೆ ಆಗಬಹುದು. ತಾಳೆ ನೋಡುವಾಗ ದಾರಿ ಬದಲಿಸಬೇಕು. ಪ್ರತಿ ಲ್ಯಾಪನ್ನೂ ಸೆಕೆಂಡಿಗೆ ಇಳಿಸಿ. ನಿಮಿಷವನ್ನು 60ರಿಂದ ಗುಣಿಸಿ ಸೆಕೆಂಡು ಸೇರಿಸಿದರೆ ಆಯಿತು. ಗಂಟೆಯೂ ಇದ್ದರೆ ಅದನ್ನು 3600ರಿಂದ ಗುಣಿಸಿ ಸೇರಿಸಿ. ಮೊದಲ ಲ್ಯಾಪಿಗೆ 11 × 60 = 660, ಅದಕ್ಕೆ 48.36 ಸೇರಿಸಿದರೆ 708.36.

```
708.36 + 712.71 + 725.94 + 739.08 + 727.55 + 699.87 = 4313.51
```

ಇಲ್ಲಿ ಚುಕ್ಕಿ ಹಾಕಿ ಕೂಡಿದ್ದು ಸರಿಯೇ. ಈಗ ಎಡಗಡೆ ಇರುವುದು ಬರೀ ಸೆಕೆಂಡು, ಬಲಗಡೆ ಇರುವುದು ಅದರ ನೂರನೇ ಭಾಗ. ಅರವತ್ತರ ಗೊಡವೆಯೇ ಇಲ್ಲ.

ಇನ್ನು 4313.51 ಸೆಕೆಂಡನ್ನು ಮತ್ತೆ ಗಂಟೆ ನಿಮಿಷಕ್ಕೆ ತರಬೇಕು. 4313.51 ಭಾಗಿಸು 3600 ಅಂದರೆ ಕ್ಯಾಲ್ಕುಲೇಟರ್ 1.198... ಎಂದು ತೋರಿಸುತ್ತದೆ. ಇದನ್ನು 1 ಗಂಟೆ 19 ನಿಮಿಷ ಎಂದು ಓದಿಬಿಡಬೇಡಿ! ಚುಕ್ಕಿಯ ಎಡಗಡೆ ಇರುವ 1 ಮಾತ್ರ ತೆಗೆದುಕೊಳ್ಳಿ, ಬಲಗಡೆಯದನ್ನು ಮರೆತುಬಿಡಿ. 1 ಗಂಟೆ, ಅಂದರೆ 3600 ಸೆಕೆಂಡು. ಅದನ್ನು ಕಳೆದರೆ ಉಳಿದದ್ದು 713.51. ಈಗ 713.51 ಭಾಗಿಸು 60 ಅಂದರೆ 11.89... ಮತ್ತೆ 11 ಮಾತ್ರ ತೆಗೆದುಕೊಳ್ಳಿ. 11 ನಿಮಿಷ, ಅಂದರೆ 660 ಸೆಕೆಂಡು. ಕಳೆದರೆ ಉಳಿದದ್ದು 53.51 ಸೆಕೆಂಡು. ಬಂದದ್ದು 1:11:53.51. ಕಾಲಂ ಲೆಕ್ಕಕ್ಕೆ ತಾಳೆಯಾಯಿತು.

ಸರಾಸರಿ ಬೇಕಿದ್ದರೂ ಇದೇ ದಾರಿ ಹಿಡಿಯಿರಿ. 1:11:53.51 ಅನ್ನು ಹಾಗೇ 6ರಿಂದ ಭಾಗಿಸಲು ಹೋಗಬೇಡಿ. 4313.51 ಭಾಗಿಸು 6 ಅಂದರೆ 718.92 ಸೆಕೆಂಡು. ಅದರಲ್ಲಿ 11 ನಿಮಿಷದ 660 ತೆಗೆದರೆ 58.92. ಒಂದು ಸುತ್ತಿನ ಸರಾಸರಿ 11:58.92.

6. ಕಳೆಯುವುದು: ಸಾಲ ತರುವಾಗ ಎಷ್ಟು ಬರುತ್ತದೆ ನೋಡಿ

ಈಗ ಅದೇ ಓಟದ ಸ್ಪ್ಲಿಟ್ಟುಗಳು ಮಾತ್ರ ನಿಮ್ಮ ಹತ್ತಿರ ಇವೆ, ಲ್ಯಾಪ್ ಬೇಕು ಅಂದುಕೊಳ್ಳೋಣ.

```
3)    35:47.01
4)    48:06.09
5)  1:00:13.64
6)  1:11:53.51
```

ನಾಲ್ಕನೇ ಲ್ಯಾಪ್ ಬೇಕಿದ್ದರೆ 48:06.09ರಿಂದ 35:47.01 ಕಳೆಯಬೇಕು. ಬಲಗಡೆಯಿಂದ ಶುರು ಮಾಡಿ. 09ರಲ್ಲಿ 01 ಹೋದರೆ 08. ಸೆಕೆಂಡಿನಲ್ಲಿ 06ರಿಂದ 47 ಹೋಗುವುದಿಲ್ಲ. ನಿಮಿಷದಿಂದ 1 ಸಾಲ ತನ್ನಿ. ನಿಮಿಷ ಮನೆಯಿಂದ ಬಂದ ಆ 1 ಇಲ್ಲಿ 10 ಅಲ್ಲ, 100 ಅಲ್ಲ, 60. ಹಾಗಾಗಿ 06 ಈಗ 66. 66ರಲ್ಲಿ 47 ಹೋದರೆ 19. ನಿಮಿಷದಲ್ಲಿ 48 ಇದ್ದದ್ದು 47 ಆಗಿದೆ. 47ರಲ್ಲಿ 35 ಹೋದರೆ 12. ಉತ್ತರ 12:19.08.

ಕ್ಯಾಲ್ಕುಲೇಟರಿನಲ್ಲಿ 48.06ರಿಂದ 35.47 ಕಳೆದವರಿಗೆ 12.59 ಸಿಗುತ್ತದೆ. ಕೂಡುವಾಗ 70.70 ಬಂದರೆ ಕನಿಷ್ಠ ಅನುಮಾನವಾದರೂ ಬರುತ್ತದೆ. ಇಲ್ಲಿ 59 ಅನ್ನುವುದು ಅರವತ್ತರ ಒಳಗೇ ಇದೆ, ಯಾರಿಗೂ ತಪ್ಪು ಎನಿಸುವುದಿಲ್ಲ. ಕೂಡುವುದಕ್ಕಿಂತ ಕಳೆಯುವುದರಲ್ಲಿ ಜಾಸ್ತಿ ಹುಷಾರಾಗಿರಿ ಎಂದು ನಾನು ಹೇಳುವುದು ಇದಕ್ಕೇ.

ಆರನೇ ಲ್ಯಾಪಿನಲ್ಲಿ ಇನ್ನೊಂದು ಬಗೆಯ ಸಾಲ ಇದೆ. 1:11:53.51ರಿಂದ 1:00:13.64 ಕಳೆಯಬೇಕು. 51ರಿಂದ 64 ಹೋಗುವುದಿಲ್ಲ, ಸೆಕೆಂಡಿನಿಂದ 1 ತನ್ನಿ. ಈ ಗಡಿಯಲ್ಲಿ ಇರುವುದು ಒಂಟಿ ಚುಕ್ಕಿ, ಹಾಗಾಗಿ ಬರುವುದು 100. 151ರಲ್ಲಿ 64 ಹೋದರೆ 87. ಸೆಕೆಂಡಿನಲ್ಲಿ 53 ಇದ್ದದ್ದು 52 ಆಗಿದೆ, 13 ಕಳೆದರೆ 39. ನಿಮಿಷ 11. ಗಂಟೆ ಸೊನ್ನೆ. ಉತ್ತರ 11:39.87. ಅರವತ್ತರ ಪಾಠ ಮನಸ್ಸಿನಲ್ಲಿ ಗಟ್ಟಿಯಾದವರು ಇಲ್ಲೂ 60 ತಂದು 47 ಬರೆಯುವುದುಂಟು. ಪ್ರತಿ ಸಲ ಚುಕ್ಕಿ ನೋಡಿಯೇ ಸಾಲ ತರಬೇಕು.

ಪಕ್ಕದ ಮನೆಯಲ್ಲೇ ಸೊನ್ನೆ ಇದ್ದರೆ? ಇದಕ್ಕೆ ಒಂದು ನಿಜವಾದ ಓಟದ ಲೆಕ್ಕ ತೆಗೆದುಕೊಳ್ಳೋಣ. 2023ರ ಶಿಕಾಗೋ ಮ್ಯಾರಥಾನ್‌ನಲ್ಲಿ ಕೀನ್ಯಾದ ಕೆಲ್ವಿನ್ ಕಿಪ್ಟಮ್ 42.195 ಕಿಲೋಮೀಟರನ್ನು 2:00:35ರಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಅರ್ಧ ದೂರ ದಾಟಿದಾಗ ಸಮಯ 1:00:48. ಉಳಿದ ಅರ್ಧಕ್ಕೆ ಎಷ್ಟು ಹಿಡಿಯಿತು?

35ರಿಂದ 48 ಹೋಗುವುದಿಲ್ಲ. ನಿಮಿಷದ ಮನೆಗೆ ಹೋದರೆ ಅಲ್ಲಿ 00. ಅಲ್ಲಿ ಕೊಡಲು ಏನೂ ಇಲ್ಲ. ಹಾಗಾಗಿ ಗಂಟೆಯ ಮನೆಗೆ ಹೋಗಬೇಕು. 2 ಗಂಟೆಯಿಂದ 1 ಗಂಟೆ ತೆಗೆದು ನಿಮಿಷದ ಮನೆಗೆ ಕೊಡಿ, ಅದು 60 ನಿಮಿಷ ಆಯಿತು. ಆ 60ರಿಂದ 1 ನಿಮಿಷ ಸೆಕೆಂಡಿಗೆ ಕೊಡಿ, ನಿಮಿಷದಲ್ಲಿ ಉಳಿಯುವುದು 59. ಸೆಕೆಂಡು 35 + 60 = 95. ಅಂದರೆ 2:00:35 ಅನ್ನುವುದನ್ನು ನಾವು 1:59:95 ಎಂದು ಬಿಡಿಸಿ ಬರೆದೆವು. ಬೆಲೆ ಅದೇ, ರೂಪ ಮಾತ್ರ ಬೇರೆ.

```
  1:59:95
- 1:00:48
---------
  0:59:47
```

ಎರಡನೇ ಅರ್ಧಕ್ಕೆ 59:47. ಮೊದಲ ಅರ್ಧಕ್ಕಿಂತ 1 ನಿಮಿಷ 1 ಸೆಕೆಂಡು ವೇಗ. ತಾಳೆ ನೋಡಲು ಎರಡನ್ನೂ ಕೂಡಿ: 48 + 47 = 95, ಅಂದರೆ 35 ಬರೆದು ಕೈಯಲ್ಲಿ 1. 60 + 59 + 1 = 120 ನಿಮಿಷ, ಅಂದರೆ 2 ಗಂಟೆ. 2:00:35 ವಾಪಸು ಬಂತು. ಕಳೆದ ಮೇಲೆ ಹೀಗೆ ಕೂಡಿ ನೋಡುವುದಕ್ಕೆ ಹತ್ತು ಸೆಕೆಂಡೂ ಬೇಡ. ಇದನ್ನು ಬಿಡಬೇಡಿ.

ಸಾಲ ತರುವುದೇ ಗೊಂದಲ ಎನಿಸಿದರೆ ಚಿಲ್ಲರೆ ಎಣಿಸಿ ಕೊಡುವ ಹಾಗೆ ಕೆಳಗಿನಿಂದ ಮೇಲಕ್ಕೆ ಎಣಿಸಬಹುದು. 1:00:48ರಿಂದ 1:01:00ಕ್ಕೆ 12 ಸೆಕೆಂಡು. ಅಲ್ಲಿಂದ 2:00:00ಕ್ಕೆ 59 ನಿಮಿಷ. ಅಲ್ಲಿಂದ 2:00:35ಕ್ಕೆ 35 ಸೆಕೆಂಡು. 12 + 35 = 47. ಒಟ್ಟು 59:47. ಬಾಯಲ್ಲೇ ಲೆಕ್ಕ ಮಾಡುವವರಿಗೆ ನನ್ನ ಆಯ್ಕೆ ಇದೇ.

7. ದುಂಡು ಮಾಡುವುದು ಕೊನೆಯಲ್ಲಿ ಒಂದೇ ಸಲ

ದುಂಡು ಮಾಡುವುದು ಅಂದರೆ ಬೇಡದ ಚೂರುಗಳನ್ನು ಬಿಟ್ಟು ಹತ್ತಿರದ ಪೂರ್ತಿ ಸಂಖ್ಯೆಗೆ ತರುವುದು. ಲ್ಯಾಪುಗಳನ್ನು ಬರೆಯುವಾಗಲೇ ನೂರನೇ ಭಾಗ ಯಾಕೆ ಎಂದು ಬಿಟ್ಟರೆ ಏನಾಗುತ್ತದೆ ಎಂದು ನಾವಾಗಲೇ ನೋಡಿದ್ದೇವೆ. ಚೂರು ಬಿಟ್ಟು ಕೂಡಿದಾಗ 71:50 ಬಂತು. ಇಟ್ಟುಕೊಂಡು ಕೂಡಿದಾಗ 71:53.51 ಬಂತು. ಆರೇ ಲ್ಯಾಪಿನಲ್ಲಿ ಮೂರೂವರೆ ಸೆಕೆಂಡು ಸೋರಿತು. ಸುತ್ತು ಜಾಸ್ತಿ ಆದಂತೆ ಸೋರಿಕೆಯೂ ಜಾಸ್ತಿ. ಪರದೆಯಲ್ಲಿ ಕಂಡ ಅಂಕಿಗಳನ್ನೆಲ್ಲ ಬರೆದುಕೊಂಡು ಕೂಡಿ, ಉತ್ತರವನ್ನು ಮಾತ್ರ ದುಂಡು ಮಾಡಿ.

ಅಥ್ಲೆಟಿಕ್ಸ್ ಅಧಿಕೃತ ಫಲಿತಾಂಶಕ್ಕೆ ಬೇರೆ ನಿಯಮ ಇದೆ. ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿ ಹಿಡಿದ ಸಮಯವನ್ನು ಟ್ರ್ಯಾಕ್ ಓಟದಲ್ಲಿ ಮುಂದಿನ ಹತ್ತನೇ ಒಂದು ಸೆಕೆಂಡಿಗೆ, ರಸ್ತೆ ಓಟದಲ್ಲಿ ಮುಂದಿನ ಪೂರ್ತಿ ಸೆಕೆಂಡಿಗೆ ಏರಿಸಬೇಕು. ಇಳಿಸುವ ಹಾಗಿಲ್ಲ. ನಮ್ಮ ಉದಾಹರಣೆ ರಸ್ತೆ ಓಟ ಆಗಿದ್ದರೆ 1:11:53.51 ಅನ್ನುವುದು 1:11:54 ಆಗುತ್ತದೆ. 1:11:53.08 ಇದ್ದಿದ್ದರೂ 1:11:54 ಎಂದೇ ಬರೆಯಬೇಕಿತ್ತು.

8. ಎಕ್ಸೆಲ್ಲಿನಲ್ಲಿ ಮಾಡುವವರಿಗೆ

ಎಕ್ಸೆಲ್ ಸಮಯವನ್ನು ಒಳಗೆ ಒಂದು ದಿನದ ಭಾಗವಾಗಿ ಇಟ್ಟುಕೊಳ್ಳುತ್ತದೆ. ಇಡೀ ದಿನ ಅಂದರೆ 1, ಅರ್ಧ ದಿನ ಅಂದರೆ 0.5. ಇದು ಗೊತ್ತಿದ್ದರೆ ಅದರ ವಿಚಿತ್ರಗಳು ಅರ್ಥವಾಗುತ್ತವೆ.

ಸುಮ್ನೆ 11:48 ಎಂದು ಟೈಪ್ ಮಾಡಿದರೆ ಅದು 11 ನಿಮಿಷ 48 ಸೆಕೆಂಡು ಆಗುವುದಿಲ್ಲ. 11 ಗಂಟೆ 48 ನಿಮಿಷ ಆಗುತ್ತದೆ. ಹಾಗಾಗಿ ಗಂಟೆಯ ಸೊನ್ನೆಯನ್ನೂ ಸೇರಿಸಿ 0:11:48.36 ಎಂದೇ ಟೈಪ್ ಮಾಡಿ. ಉತ್ತರ ಬರುವ ಸೆಲ್ಲಿಗೆ ಈ ಫಾರ್ಮ್ಯಾಟ್ ಕೊಡಿ:

```
[h]:mm:ss.00
```

h ಸುತ್ತಲಿನ ಚೌಕ ಆವರಣ ಮುಖ್ಯ. ಅದಿಲ್ಲದಿದ್ದರೆ ಮೊತ್ತ 24 ಗಂಟೆ ದಾಟಿದ ಕೂಡಲೇ ಗಡಿಯಾರದಂತೆ ಮತ್ತೆ ಸೊನ್ನೆಯಿಂದ ತೋರಿಸುತ್ತದೆ. 25 ಗಂಟೆ ಆಗಿದ್ದರೂ 1 ಗಂಟೆ ಎಂದೇ ಕಾಣುತ್ತದೆ. ಮೊತ್ತವನ್ನು ಸೆಕೆಂಡಿನಲ್ಲಿ ನೋಡಬೇಕಿದ್ದರೆ ಅದನ್ನು 86400ರಿಂದ ಗುಣಿಸಿ ಸಾಮಾನ್ಯ ಸಂಖ್ಯೆಯ ಫಾರ್ಮ್ಯಾಟ್ ಕೊಡಿ. ದಿನಕ್ಕೆ ಇರುವುದು ಅಷ್ಟೇ ಸೆಕೆಂಡು.

```
=SUM(B2:B7)*86400
```

ನಮ್ಮ ಆರು ಲ್ಯಾಪಿಗೆ ಇದು 4313.51 ಎಂದು ತೋರಿಸಬೇಕು. ಕಡಿಮೆ ಬಂದರೆ ಯಾವುದೋ ಒಂದು ಲ್ಯಾಪನ್ನು ಎಕ್ಸೆಲ್ ಸಮಯ ಎಂದು ಒಪ್ಪಿಕೊಂಡಿಲ್ಲ, ಬರೀ ಅಕ್ಷರ ಎಂದು ತಿಳಿದು ಕೂಡದೇ ಬಿಟ್ಟಿದೆ. ಹಾಗೆ ಆದ ಸಂಖ್ಯೆ ಸಾಮಾನ್ಯವಾಗಿ ಸೆಲ್ಲಿನ ಎಡಕ್ಕೆ ಅಂಟಿಕೊಂಡಿರುತ್ತದೆ. ಉಳಿದವು ಬಲಕ್ಕಿರುತ್ತವೆ. ಕಳೆದಾಗ ಸೆಲ್ ತುಂಬ ##### ಬಂದು, ಸೆಲ್ ಅಗಲ ಮಾಡಿದರೂ ಹೋಗದಿದ್ದರೆ ಚಿಕ್ಕದರಿಂದ ದೊಡ್ಡದನ್ನು ಕಳೆದಿದ್ದೀರಿ. ಎಕ್ಸೆಲ್ ಸೊನ್ನೆಗಿಂತ ಕೆಳಗಿನ ಸಮಯವನ್ನು ಮಾಮೂಲಿಯಾಗಿ ತೋರಿಸುವುದಿಲ್ಲ.

9. ಆದರೂ ತಾಳೆ ಆಗದಿದ್ದರೆ

ವಾಚಿನ ಒಟ್ಟು ಸಮಯ ಪಕ್ಕದಲ್ಲಿದ್ದರೆ ಮೊದಲು ವ್ಯತ್ಯಾಸ ಎಷ್ಟು ಎಂದು ಬರೆಯಿರಿ. ತಪ್ಪಿನ ಜಾತಿ ಅದರಲ್ಲೇ ಗೊತ್ತಾಗುತ್ತದೆ.

ನೂರನೇ ಭಾಗದಲ್ಲಿ ಒಂದೆರಡು ಮಾತ್ರ ಹೆಚ್ಚುಕಮ್ಮಿ ಇದ್ದರೆ ನಿಮ್ಮ ತಪ್ಪು ಇರಲಿಕ್ಕಿಲ್ಲ. ವಾಚು ಪ್ರತಿ ಲ್ಯಾಪನ್ನೂ ತೋರಿಸುವಾಗ ಅದರಾಚೆಯ ಚೂರನ್ನು ಬಿಟ್ಟಿರಬಹುದು. ಆಗ ವಾಚಿನ ಒಟ್ಟು ಸಮಯವನ್ನೇ ಇಟ್ಟುಕೊಳ್ಳಿ.

ಸರಿಯಾಗಿ 1 ಸೆಕೆಂಡು ಅಥವಾ ಸರಿಯಾಗಿ 1 ನಿಮಿಷ ವ್ಯತ್ಯಾಸ ಇದ್ದರೆ ಕೈಯಲ್ಲಿ ಉಳಿದದ್ದನ್ನು ಸೇರಿಸಲು ಮರೆತಿದ್ದೀರಿ, ಇಲ್ಲವೇ ಸಾಲ ತಂದ ಮೇಲೆ ಪಕ್ಕದ ಮನೆಯಲ್ಲಿ 1 ಕಡಿಮೆ ಮಾಡಲು ಮರೆತಿದ್ದೀರಿ. 40ರ ಲೆಕ್ಕದಲ್ಲಿದ್ದರೆ ಚುಕ್ಕಿಯ ತಪ್ಪು. ಒಂದು ಇಡೀ ಲ್ಯಾಪಿನಷ್ಟೇ ವ್ಯತ್ಯಾಸ ಇದ್ದರೆ ಒಂದು ಲ್ಯಾಪ್ ಬಿಟ್ಟುಹೋಗಿದೆ ಅಥವಾ ಎರಡು ಸಲ ಸೇರಿದೆ.

ಇವು ಯಾವುವೂ ಅಲ್ಲ, ಆದರೆ ವ್ಯತ್ಯಾಸ 9ರಿಂದ ಸರಿಯಾಗಿ ಭಾಗವಾಗುತ್ತದೆ ಅಂದರೆ ಬರೆದುಕೊಳ್ಳುವಾಗ ಆದ ತಪ್ಪು ಇರಬಹುದು. ಲೆಕ್ಕ ಬರೆಯುವವರು ಹಣದ ಲೆಕ್ಕದಲ್ಲೂ ಇದನ್ನು ನೋಡುತ್ತಾರೆ. 54 ಬದಲು 45 ಬರೆದರೆ ವ್ಯತ್ಯಾಸ 9. 71 ಬದಲು 17 ಬರೆದರೆ 54, ಅದೂ 9ರಿಂದ ಭಾಗವಾಗುತ್ತದೆ. ಮೊದಲೇ ಹೇಳಿದ 19.08 ಮತ್ತು 19.8ರ ನಡುವೆ ಇರುವುದು 72, ಅದೂ ಹಾಗೇ. 9ರಿಂದ ಭಾಗವಾಗುವುದು ಆಕಸ್ಮಿಕವೂ ಇರಬಹುದು. ಆದರೂ ಇಡೀ ಮೊತ್ತವನ್ನು ಮತ್ತೆ ಕೂಡುವ ಮೊದಲು ವಾಚಿನ ಮೆಮೊರಿ ತೆರೆದು, ಹಾಳೆಯಲ್ಲಿ ಬರೆದ ಲ್ಯಾಪುಗಳನ್ನು ಒಂದೊಂದಾಗಿ ಜೋರಾಗಿ ಓದಿ ಹೋಲಿಸಿ ನೋಡಿ. ಇಬ್ಬರಿದ್ದರೆ ಒಬ್ಬರು ವಾಚು ಓದಲಿ, ಇನ್ನೊಬ್ಬರು ಹಾಳೆ ನೋಡಲಿ.